ಕ್ಲೌಡ್ ಲೆಕ್ಕದ ಆಡಿಟ್: ವೆಂಡರ್ ಕೊಟ್ಟ ರಿಪೋರ್ಟ್ ನಂಬೋದಾ, ನಾವೇ ಪರೀಕ್ಷೆ ಮಾಡೋದಾ?

ಲೆಕ್ಕದ ಸಾಫ್ಟ್‌ವೇರ್ ಕ್ಲೈಂಟ್ ಆಫೀಸಿನಲ್ಲೇ ಇದ್ದಾಗ ಸರ್ವರ್ ಎಲ್ಲಿದೆ, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಅಲ್ಲೇ ಕೇಳಿ ನೋಡಬಹುದಿತ್ತು. ಕ್ಲೌಡ್‌ಗೆ ಹೋದ ಮೇಲೆ ಅರ್ಧ ಕಂಟ್ರೋಲ್ ಕ್ಲೈಂಟ್ ಕೈಯಲ್ಲಿ, ಇನ್ನರ್ಧ ನಾವು ಯಾವತ್ತೂ ಕಾಲಿಡದ ವೆಂಡರ್ ಕೈಯಲ್ಲಿ. ಆ ಇನ್ನರ್ಧಕ್ಕೆ ಪುರಾವೆ ಎಲ್ಲಿಂದ ತರೋದು? ಎಸ್‌ಎ 402 ಅನ್ನೋ ಆಡಿಟ್ ಸ್ಟ್ಯಾಂಡರ್ಡ್ ಇರುವುದೇ ಇದಕ್ಕೆ. ಅದು ಕೆಲವು ದಾರಿಗಳನ್ನು ಹೇಳುತ್ತದೆ. ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಬಿಡಿಭಾಗ ತಯಾರಿಕೆ ಕಂಪನಿಯ 2024-25ರ ಆಡಿಟ್‌ನಲ್ಲಿ ನಾವು ಹೆಚ್ಚುಕಡಿಮೆ ಆ ಎಲ್ಲ ದಾರಿಗಳನ್ನೂ ಹಿಡಿದು ನೋಡಿದೆವು. ಯಾವುದು ಎಷ್ಟು ದೂರ ಕರೆದುಕೊಂಡು ಹೋಯಿತು ಅನ್ನೋದು ಇಲ್ಲಿದೆ.

ಮೊದಲು ಕೈಗೆ ಬಂದಿದ್ದು ಐಎಸ್‌ಒ 27001 ಸರ್ಟಿಫಿಕೇಟ್. ವೆಂಡರ್‌ಗೆ "ಆಡಿಟ್ ರಿಪೋರ್ಟ್ ಕಳಿಸಿ" ಅಂದರೆ ಸೇಲ್ಸ್‌ನವರು ಮೊದಲು ಕಳಿಸೋದು ಇದನ್ನೇ. ಒಂದು ಪುಟ, ಬಂಗಾರದ ಅಂಚು. ಮಾಹಿತಿ ಭದ್ರತೆಗೆ ಅವರಲ್ಲಿ ಒಂದು ವ್ಯವಸ್ಥೆ ಇದೆ ಅಂತ ಇದರಿಂದ ಗೊತ್ತಾಗುತ್ತದೆ. ಯಾವ ಕಂಟ್ರೋಲ್ ಪರೀಕ್ಷೆ ಮಾಡಿದರು, ಎಷ್ಟು ಸ್ಯಾಂಪಲ್ ತೆಗೆದರು, ಏನು ತಪ್ಪು ಸಿಕ್ಕಿತು ಅನ್ನೋದು ಅದರಲ್ಲಿ ಇರೋದಿಲ್ಲ. ಫೈಲಿಗೆ ಹಾಕಿಕೊಂಡೆವು, ಅಷ್ಟೇ.

ವೆಂಡರ್‌ನ ಕಂಟ್ರೋಲ್‌ಗಳ ಬಗ್ಗೆ ಹೊರಗಿನ ಆಡಿಟರ್ ಕೊಡುವ ಎಸ್‌ಒಸಿ 2 ರಿಪೋರ್ಟ್ ಇದಕ್ಕಿಂತ ಎಷ್ಟೋ ವಾಸಿ. ಅದರ ಟೈಪ್ 2 ರಿಪೋರ್ಟ್‌ನಲ್ಲಿ ಪರೀಕ್ಷೆಯ ವಿವರವೂ ಫಲಿತಾಂಶವೂ ಇರುತ್ತವೆ. ಆದರೆ ಅದನ್ನು ಬರೆಯೋದು ಭದ್ರತೆ, ಲಭ್ಯತೆ, ಗೌಪ್ಯತೆ ಇಂಥ ಪ್ರಶ್ನೆಗಳಿಗೆ. ಕ್ಲೈಂಟಿನ ಹಣಕಾಸು ಲೆಕ್ಕ ಸರಿಯಾಗಿ ಬರಲು ವೆಂಡರ್ ಕಡೆ ಏನೇನು ಕಂಟ್ರೋಲ್ ಬೇಕು ಅನ್ನೋ ನಮ್ಮ ಪ್ರಶ್ನೆಗೆ ನೇರ ಉತ್ತರ ಸಿಗೋದು ಎಸ್‌ಒಸಿ 1ರಲ್ಲಿ. ನಮ್ಮ ದೇಶದಲ್ಲಿ ಎಸ್‌ಎಇ 3402 ಪ್ರಕಾರ ಕೊಡುವ ರಿಪೋರ್ಟ್ ಕೂಡ ಇದೇ ಜಾತಿಯದು. ಇದರಲ್ಲಿ ಎರಡು ಬಗೆ. ಟೈಪ್ 1 ಒಂದು ದಿನದ ಮಟ್ಟಿಗೆ ಕಂಟ್ರೋಲ್ ಸರಿಯಾಗಿ ರೂಪಿಸಿದ್ದಾರೆ ಅನ್ನುತ್ತದೆ. ಟೈಪ್ 2 ಇಡೀ ಅವಧಿಯಲ್ಲಿ ಅದು ನಿಜವಾಗಿ ಕೆಲಸ ಮಾಡಿತಾ ಅಂತ ಪರೀಕ್ಷೆ ಮಾಡಿ ಹೇಳುತ್ತದೆ. ಸಿಸ್ಟಮ್ ಅರ್ಥ ಮಾಡಿಕೊಳ್ಳೋಕೆ ಟೈಪ್ 1 ಸಾಕು. ಕಂಟ್ರೋಲ್ ಮೇಲೆ ಭಾರ ಹಾಕಿ ನಮ್ಮ ಪರೀಕ್ಷೆ ಕಡಿಮೆ ಮಾಡೋಕೆ ಟೈಪ್ 2 ಬೇಕೇ ಬೇಕು.

ನಾವೇ ವೆಂಡರ್ ಹತ್ತಿರ ಹೋಗಿ ಪರೀಕ್ಷೆ ಮಾಡೋದಕ್ಕೂ ಸ್ಟ್ಯಾಂಡರ್ಡ್‌ನಲ್ಲಿ ಅವಕಾಶ ಇದೆ. ಕೇಳಿ ನೋಡಿದೆವು. ಕ್ಲೈಂಟಿನ ಒಪ್ಪಂದದಲ್ಲಿ ಆ ಹಕ್ಕೇ ಇರಲಿಲ್ಲ. ಎಷ್ಟೋ ಗಿರಾಕಿಗಳ ಡೇಟಾ ಒಂದೇ ಕಡೆ ಇರೋ ಜಾಗಕ್ಕೆ ಒಬ್ಬ ಗಿರಾಕಿಯ ಆಡಿಟರನ್ನು ಯಾರು ತಾನೇ ಬಿಡುತ್ತಾರೆ?

ಹಾಗಾಗಿ ನಿಜವಾದ ಪೈಪೋಟಿ ಉಳಿದಿದ್ದು ಎರಡಕ್ಕೆ: ವೆಂಡರ್‌ನ ಎಸ್‌ಒಸಿ 1 ಟೈಪ್ 2, ಇಲ್ಲವೇ ಕ್ಲೈಂಟ್ ಕಡೆಯಿಂದ ನಮ್ಮದೇ ಪರೀಕ್ಷೆ.

ರಿಪೋರ್ಟ್ ದಪ್ಪಗಿತ್ತು, ಪಾಸ್‌ವರ್ಡ್ ಹಾಕಿದ ಪಿಡಿಎಫ್. ಇಂಥದ್ದನ್ನು ಮೊದಲ ಪುಟದಿಂದ ಓದುತ್ತಾ ಹೋದರೆ ಅರ್ಧದಲ್ಲೇ ಸುಸ್ತು. ನಾನು ಮೊದಲು ಒಪೀನಿಯನ್ ನೋಡುತ್ತೇನೆ, ಆಮೇಲೆ ಅವಧಿ, ಆಮೇಲೆ ನೇರವಾಗಿ ಪರೀಕ್ಷೆಯ ಫಲಿತಾಂಶದ ಕೋಷ್ಟಕ. ಒಪೀನಿಯನ್ ಕ್ಲೀನ್ ಇತ್ತು. ಅವಧಿ 1 ಜನವರಿ 2024ರಿಂದ 31 ಡಿಸೆಂಬರ್ 2024. ನಮ್ಮ ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಅಂದರೆ ಒಂಬತ್ತು ತಿಂಗಳು ಒಳಗೆ, ಕೊನೆಯ ಮೂರು ತಿಂಗಳು ಹೊರಗೆ. ವರ್ಷದ ಕೊನೆಯ ಹೊಂದಾಣಿಕೆ ಎಂಟ್ರಿಗಳೆಲ್ಲ ಬೀಳೋದು ಆ ಮೂರು ತಿಂಗಳಲ್ಲೇ, ಅಲ್ವಾ?

ಈ ಸಂದು ಮುಚ್ಚೋಕೆ ವೆಂಡರ್ ಒಂದು ಬ್ರಿಡ್ಜ್ ಲೆಟರ್ ಕೊಟ್ಟರು. "ಡಿಸೆಂಬರ್ ನಂತರ ಕಂಟ್ರೋಲ್‌ಗಳಲ್ಲಿ ದೊಡ್ಡ ಬದಲಾವಣೆ ಇಲ್ಲ" ಅನ್ನೋ ಒಂದು ಪುಟ. ಅದಕ್ಕೆ ಸಹಿ ಹಾಕುವವರು ವೆಂಡರ್‌ನವರೇ, ಅವರ ಆಡಿಟರ್ ಅಲ್ಲ. ಅದರ ಹಿಂದೆ ಪರೀಕ್ಷೆ ಯಾವುದೂ ಇಲ್ಲ. ಮೂರು ತಿಂಗಳಿಗೆ ಇದನ್ನು ಒಪ್ಪಿಕೊಂಡೆವು, ಆದರೆ ಸುಮ್ನೆ ಅಲ್ಲ. ಆ ಅವಧಿಯ ರಿಲೀಸ್ ನೋಟ್ಸ್ ಓದಿದೆವು, ಕ್ಲೈಂಟ್ ಹಾಕಿದ್ದ ಸಪೋರ್ಟ್ ಟಿಕೆಟ್‌ಗಳನ್ನು ತಿರುವಿ ಹಾಕಿದೆವು, ಮಾರ್ಚ್‌ನ ಜರ್ನಲ್ ಎಂಟ್ರಿಗಳ ಪರೀಕ್ಷೆ ಜಾಸ್ತಿ ಮಾಡಿದೆವು. ರಿಪೋರ್ಟ್ ಸೆಪ್ಟೆಂಬರ್‌ಗೇ ಮುಗಿದು ಆರು ತಿಂಗಳ ಸಂದು ಉಳಿದಿದ್ದರೆ ಈ ಪತ್ರ ಒಂದನ್ನೇ ನಂಬಿ ನಾನು ಮುಂದೆ ಹೋಗುತ್ತಿರಲಿಲ್ಲ.

ಫಲಿತಾಂಶದ ಕೋಷ್ಟಕದಲ್ಲಿ ಒಂದು ಲೋಪ ಇತ್ತು. ವೆಂಡರ್‌ನ ಉದ್ಯೋಗಿ ಕೆಲಸ ಬಿಟ್ಟರೆ 24 ಗಂಟೆಯೊಳಗೆ ಅವರ ಪ್ರವೇಶ ತೆಗೆಯಬೇಕು ಅನ್ನೋದು ಕಂಟ್ರೋಲ್. 25 ಸ್ಯಾಂಪಲ್‌ನಲ್ಲಿ 2 ತಡವಾಗಿದ್ದವು. ಕೊನೆಯ ಭಾಗದಲ್ಲಿ ವೆಂಡರ್ ಸಮಜಾಯಿಷಿ ಕೊಟ್ಟಿದ್ದರು: ಆ ಇಬ್ಬರ ವಿಪಿಎನ್ ಅವರು ಬಿಟ್ಟ ದಿನವೇ ಬಂದ್ ಆಗಿತ್ತು, ಆಮೇಲೆ ಲಾಗಿನ್ ಆಗಿಲ್ಲ ಅಂತ. ಇಲ್ಲಿ ಎಷ್ಟೋ ಜನ ಜಾರುತ್ತಾರೆ. ಆ ಕೊನೆಯ ಭಾಗ ಅವರ ಆಡಿಟರ್‌ನ ಒಪೀನಿಯನ್ ವ್ಯಾಪ್ತಿಗೆ ಬರೋದಿಲ್ಲ, ಅದು ವೆಂಡರ್‌ನ ಮಾತು. ಅದಕ್ಕೇ ಹಿಂದಕ್ಕೆ ಹೋಗಿ ವಿಪಿಎನ್ ಬಂದ್ ಮಾಡುವ ಕಂಟ್ರೋಲನ್ನು ಬೇರೆಯಾಗಿ ಪರೀಕ್ಷೆ ಮಾಡಿದ್ದಾರಾ ಅಂತ ಹುಡುಕಿದೆವು. ಮಾಡಿದ್ದರು, ಅದರಲ್ಲಿ ಲೋಪ ಇರಲಿಲ್ಲ. ಆಗ ಒಪ್ಪಿಕೊಂಡೆವು.

ಇಷ್ಟಾದರೂ ರಿಪೋರ್ಟ್ ತಾನಾಗಿ ಏನನ್ನೂ ಸಾಬೀತು ಮಾಡೋದಿಲ್ಲ. ಸಾಮಾನ್ಯವಾಗಿ ಎಸ್‌ಒಸಿ 1ರಲ್ಲಿ ಗಿರಾಕಿ ಮಾಡಬೇಕಾದ ಕೆಲಸಗಳ ಒಂದು ಪಟ್ಟಿ ಇರುತ್ತದೆ. ಯಾರಿಗೆ ಯಾವ ರೋಲ್ ಕೊಡಬೇಕು, ಕೆಲಸ ಬಿಟ್ಟವರ ಐಡಿ ಯಾವಾಗ ತೆಗೆಯಬೇಕು, ಇಂಥವು. ಗಿರಾಕಿ ಇದನ್ನೆಲ್ಲ ಮಾಡುತ್ತಾರೆ ಅಂತ ಇಟ್ಟುಕೊಂಡೇ ವೆಂಡರ್‌ನ ಕಂಟ್ರೋಲ್ ರೂಪಿಸಿರೋದು. ಕ್ಲೈಂಟ್ ಅದನ್ನು ಮಾಡಿಲ್ಲ ಅಂದರೆ ಕ್ಲೀನ್ ಒಪೀನಿಯನ್ ನಮಗೆ ಉಪಯೋಗಕ್ಕೆ ಬರೋದಿಲ್ಲ.

ನಮ್ಮ ಕ್ಲೈಂಟ್ ಎಡವಿದ್ದು ಇಲ್ಲೇ. ಯೂಸರ್ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡು, ಎಚ್‌ಆರ್ ಕೊಟ್ಟ ಕೆಲಸ ಬಿಟ್ಟವರ ಪಟ್ಟಿಯ ಪಕ್ಕ ಇಟ್ಟೆವು. ಅಕೌಂಟ್ಸ್‌ನ ಒಬ್ಬರು ನವೆಂಬರ್‌ನಲ್ಲಿ ಬಿಟ್ಟಿದ್ದರು. ಅವರ ಹೆಸರಿನ ಮುಂದೆ ಇನ್ನೂ `Active` ಅಂತಿತ್ತು, `Last Login` ಕಾಲಮ್‌ನಲ್ಲಿ ಜನವರಿಯ ತಾರೀಖು. ಕೇಳಿದರೆ, ಅವರ ಜಾಗಕ್ಕೆ ಬಂದ ಹುಡುಗನಿಗೆ ಹೊಸ ಲೈಸೆನ್ಸ್ ದುಡ್ಡು ಉಳಿಸೋಕೆ ಹಳೆ ಐಡಿಯನ್ನೇ ಕೊಟ್ಟಿದ್ದರಂತೆ. ಆಡಿಟ್ ಟ್ರೇಲ್ ಆನ್ ಇದೆ, ಪ್ರತಿ ಎಂಟ್ರಿಗೂ ಸಮಯ ಇದೆ, ಹೆಸರು ಮಾತ್ರ ಕಂಪನಿಯಲ್ಲೇ ಇಲ್ಲದವರದ್ದು. ನವೆಂಬರ್ ನಂತರ ಆ ಐಡಿಯಿಂದ ಆದ ಎಂಟ್ರಿಗಳನ್ನೆಲ್ಲ ತೆಗೆದು ಬಿಲ್ಲು, ಬ್ಯಾಂಕ್ ಜೊತೆ ತಾಳೆ ನೋಡಿದೆವು. ಎಲ್ಲ ಮಾಮೂಲಿ ಖರೀದಿ ಎಂಟ್ರಿಗಳೇ. ಆದರೂ ಯೂಸರ್ ಪ್ರವೇಶದ ಕಂಟ್ರೋಲ್ ಮೇಲೆ ಭಾರ ಹಾಕುವ ಯೋಚನೆ ಅಲ್ಲಿಗೆ ಬಿಟ್ಟೆವು.

ನಮ್ಮದೇ ಪರೀಕ್ಷೆ ಗೆಲ್ಲೋದು ಇಂಥ ಕಡೆ. ಸಾಲಗಾರರ ಏಜಿಂಗ್ ಪಟ್ಟಿ ಇನ್ನೊಂದು. ಸಾಫ್ಟ್‌ವೇರ್ ಕೊಟ್ಟ ಪಟ್ಟಿಯನ್ನು ಹಾಗೇ ತೆಗೆದುಕೊಳ್ಳದೆ, ಇನ್‌ವಾಯ್ಸ್‌ಗಳನ್ನು ಇಳಿಸಿಕೊಂಡು ನಮ್ಮ ಆರ್ಟಿಕಲ್ ಹುಡುಗರು ಮತ್ತೆ ಲೆಕ್ಕ ಹಾಕಿದರು. 10 ಡಿಸೆಂಬರ್ 2024ರ ಒಂದು ಇನ್‌ವಾಯ್ಸ್, 45 ದಿನದ ಕ್ರೆಡಿಟ್. ಮಾರ್ಚ್ 31ಕ್ಕೆ ಇನ್‌ವಾಯ್ಸ್ ದಿನದಿಂದ ಎಣಿಸಿದರೆ 111 ದಿನ. ಪಾವತಿ ಗಡುವಾದ ಜನವರಿ 24ರಿಂದ ಎಣಿಸಿದರೆ 66 ದಿನ. ಕಂಪನಿಯ ಪಾಲಿಸಿ ಪ್ರಕಾರ ಇನ್‌ವಾಯ್ಸ್ ದಿನದಿಂದ 90 ದಾಟಿದರೆ ಪ್ರಾವಿಷನ್ ಮಾಡಬೇಕು. ರಿಪೋರ್ಟ್ ಸೆಟ್ಟಿಂಗ್ ಇದ್ದದ್ದು ಗಡುವಿನ ದಿನಕ್ಕೆ. ಹಾಗಾಗಿ ಇಂಥ ಬಿಲ್‌ಗಳೆಲ್ಲ 61-90ರ ಕಾಲಮ್‌ನಲ್ಲಿ ತಣ್ಣಗೆ ಕೂತಿದ್ದವು, ಪ್ರಾವಿಷನ್ ಕಡಿಮೆ ಬಿದ್ದಿತ್ತು. ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ, ಆ ಸೆಟ್ಟಿಂಗ್ ಕ್ಲೈಂಟ್‌ದು. ಯಾವ ಎಸ್‌ಒಸಿ ರಿಪೋರ್ಟೂ ಇದನ್ನು ಹಿಡಿಯೋದಿಲ್ಲ.

ಹಾಗಾದರೆ ರಿಪೋರ್ಟ್ ಯಾಕೆ ಬೇಕು ಅಂತೀರಾ? ನಾವು ಎಷ್ಟೇ ತಲೆಕೆಳಗಾದರೂ ಮುಟ್ಟಲಾಗದ ಒಂದು ಜಾಗ ಇದೆ: ಡೇಟಾಬೇಸ್. ವೆಂಡರ್ ಕಡೆ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ, ಸ್ಕ್ರೀನ್ ದಾಟಿ ನೇರವಾಗಿ ಡೇಟಾ ತಿದ್ದಿದರೆ ಅದರ ಗುರುತು ಉಳಿಯುತ್ತದಾ? 1 ಏಪ್ರಿಲ್ 2023ರಿಂದ ಕಂಪನಿಗಳು ಎಡಿಟ್ ಲಾಗ್ ಇರುವ ಸಾಫ್ಟ್‌ವೇರನ್ನೇ ಬಳಸಬೇಕು, ಲಾಗ್ ಆಫ್ ಮಾಡುವಂತಿಲ್ಲ. ಅದರ ಬಗ್ಗೆ ಆಡಿಟರ್ ನಿಯಮ 11(ಜಿ) ಅಡಿ ಬರೆಯಲೇಬೇಕು. ಸ್ಕ್ರೀನ್ ಮಟ್ಟದಲ್ಲಿ ನಾವೇ ನೋಡಬಹುದು. ಒಂದು ವೋಚರ್ ತಿದ್ದಿಸಿ, ಹಳೆ ಮೊತ್ತ, ಹೊಸ ಮೊತ್ತ, ಯೂಸರ್, ಸಮಯ ನಾಲ್ಕೂ ಬಿತ್ತಾ ಅಂತ ನೋಡಿದೆವು, ಬಿತ್ತು. ಡೇಟಾಬೇಸ್ ಮಟ್ಟಕ್ಕೆ ವೆಂಡರ್‌ನ ರಿಪೋರ್ಟೇ ಗತಿ. ನಮಗೆ ಸಿಕ್ಕ ರಿಪೋರ್ಟ್‌ನಲ್ಲಿ ಡಿಬಿಎ ಪ್ರವೇಶದ ಪರೀಕ್ಷೆ ಇತ್ತು, ನೇರ ತಿದ್ದುಪಡಿಯ ಲಾಗ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಗಾಗಿ ಆ ಮಟ್ಟದಲ್ಲಿ ಲಾಗ್ ಇತ್ತೋ ಇಲ್ಲವೋ ಹೇಳಲಾಗದು ಅಂತಲೇ ಬರೆದೆವು. ಡೈರೆಕ್ಟರ್ ಮುಖ ಗಂಟಿಕ್ಕಿದರು. ನಿಯಮ ಬಂದ ಮೊದಲ ವರ್ಷದಲ್ಲೇ ದೊಡ್ಡ ದೊಡ್ಡ ಲಿಸ್ಟೆಡ್ ಕಂಪನಿಗಳ ಆಡಿಟ್ ರಿಪೋರ್ಟ್‌ಗಳಲ್ಲೂ ಇಂಥ ಸಾಲು ಬಂದಿತ್ತು ಅಂತ ತೋರಿಸಿದ ಮೇಲೆ ಸಮಾಧಾನ ಆದರು.

ಇನ್ನೊಂದು ಮಾತು. ಡೆಸ್ಕ್‌ಟಾಪ್ ಲೆಕ್ಕದ ಸಾಫ್ಟ್‌ವೇರನ್ನು ಬಾಡಿಗೆ ಸರ್ವರ್ ಮೇಲೆ ಹಾಕಿ ಅದನ್ನೂ ಕ್ಲೌಡ್ ಅನ್ನುತ್ತಾರೆ. ಅಲ್ಲಿ ಹೋಸ್ಟಿಂಗ್ ಕಂಪನಿ ಕೊಡೋದು ಮಷೀನು, ಕರೆಂಟು, ಬೀಗ ಅಷ್ಟೇ. ಡೇಟಾ ಫೋಲ್ಡರ್ ಮೇಲೆ ಅಧಿಕಾರ ಕ್ಲೈಂಟ್‌ಗೋ, ಅವರ ಸಾಫ್ಟ್‌ವೇರ್ ಡೀಲರ್‌ಗೋ ಇರುತ್ತದೆ. ಹೋಸ್ಟಿಂಗ್ ಕಂಪನಿಯ ಎಸ್‌ಒಸಿ 1 ಎಷ್ಟೇ ಚೆನ್ನಾಗಿದ್ದರೂ ಲೆಕ್ಕದ ಬಗ್ಗೆ ಅದು ಹೇಳೋದು ಕಡಿಮೆ. ಅಲ್ಲಿ ನಾನು ರಿಪೋರ್ಟ್ ಕೇಳುವ ಮೊದಲು ಆ ಸರ್ವರ್‌ನ ಅಡ್ಮಿನ್ ಯಾರು ಅಂತ ಕೇಳುತ್ತೇನೆ.

ನನ್ನ ಆಯ್ಕೆ ಕ್ಲೈಂಟ್ ನೋಡಿ ಬದಲಾಗುತ್ತದೆ. ತಿಂಗಳಿಗೆ ಕೆಲವು ನೂರು ವೋಚರ್ ಇರುವ ಕಂಪನಿಗೆ ರಿಪೋರ್ಟ್ ಓದಿ, ಸಂದು ಮುಚ್ಚಿ, ಪಟ್ಟಿ ತಾಳೆ ನೋಡುವ ಹೊತ್ತಿಗೆ ಬಿಲ್ಲು, ಬ್ಯಾಂಕ್, ಜಿಎಸ್‌ಟಿ ಎಲ್ಲ ನೇರವಾಗಿ ಪರೀಕ್ಷೆ ಮಾಡಿ ಮುಗಿಸಬಹುದು. ಅಲ್ಲಿ ಎಸ್‌ಒಸಿ 1 ಬೇಕಾಗೋದು 11(ಜಿ)ಗೆ ಮಾತ್ರ. ದಿನಕ್ಕೆ ಸಾವಿರಾರು ಆನ್‌ಲೈನ್ ಆರ್ಡರ್ ತಾನಾಗಿ ಇನ್‌ವಾಯ್ಸ್ ಆಗುವ ಕಡೆ ಲೆಕ್ಕ ಬೇರೆ. ಅಲ್ಲಿ ಟೈಪ್ 2 ಇಲ್ಲದೆ ಬರೀ ಸ್ಯಾಂಪಲ್ ತೆಗೆದು ಆದಾಯ ಪೂರ್ತಿ ಬಂದಿದೆ ಅನ್ನೋ ಧೈರ್ಯ ನನಗಿಲ್ಲ.

ಪೀಣ್ಯದ ಕ್ಲೈಂಟ್ ಒಪ್ಪಂದ ನವೀಕರಿಸುವಾಗ ಎರಡು ಸಾಲು ಸೇರಿಸಿ ಅಂದಿದ್ದೇವೆ. ಡೇಟಾಬೇಸ್‌ನ ನೇರ ತಿದ್ದುಪಡಿ ಲಾಗ್ ಎಸ್‌ಒಸಿ 1ರ ವ್ಯಾಪ್ತಿಯಲ್ಲಿ ಇರಬೇಕು ಅನ್ನೋದು ಒಂದು. ದಿನದಿನದ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲೇ ಇದೆ ಅಂತ ಬರೆದುಕೊಡಬೇಕು ಅನ್ನೋದು ಇನ್ನೊಂದು. ಇದು ಕಂಪನಿ ಲೆಕ್ಕದ ನಿಯಮದಲ್ಲೇ ಇದೆ, ಆದರೆ ವೆಂಡರ್ ರಿಪೋರ್ಟ್‌ನಲ್ಲಿ "ಬೇರೆ ರೀಜನ್‌ನಲ್ಲಿ ಬ್ಯಾಕಪ್" ಅಂತಷ್ಟೇ ಇತ್ತು, ಯಾವ ದೇಶ ಅಂತ ಇರಲಿಲ್ಲ. ಎರಡನೆಯದಕ್ಕೆ ವೆಂಡರ್ ತಕ್ಷಣ ಹೂಂ ಅಂದಿದ್ದಾರೆ. ಮೊದಲನೆಯದಕ್ಕೆ ಅವರ ಆಡಿಟರ್ ಹತ್ತಿರ ಮಾತಾಡಿ ಹೇಳುತ್ತಾರಂತೆ.