ಪ್ರಯಾರಿಟಿ ಹಾಕಿದ್ದೆ, ಆದರೂ ಎನ್‌ಕೋಡರ್ ಕಾಯುತ್ತಲೇ ಇತ್ತು

ಶಿಡ್ಲಘಟ್ಟದ ಒಬ್ಬ ರೀಲರ್‌ಗೆ ನೂಲಿನ ಉದ್ದ ಅಳೆಯುವ ಬೋರ್ಡ್ ಮಾಡಿಕೊಟ್ಟಿದ್ದೆ. 72 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್-ಎಂ3 ಚಿಪ್. ವಾರದೊಳಗೆ ಅವರ ಫೋನ್ ಬಂತು: "ಸಾರ್, ನಿಮ್ಮ ಮೀಟರು ಪುಕ್ಕಟೆ ನೂಲು ಹಂಚ್ತಾ ಇದೆ." ಪ್ರತಿ ಲಡಿಯಲ್ಲೂ ಸ್ವಲ್ಪ ಜಾಸ್ತಿ ಸುತ್ತುತ್ತಿತ್ತು. ಅಂದರೆ ಬೋರ್ಡ್ ಎಣಿಸುತ್ತಿದ್ದದ್ದು ಕಮ್ಮಿ.

ಎನ್‌ಕೋಡರ್‌ನಿಂದ ಸೆಕೆಂಡಿಗೆ 2,500 ಪಲ್ಸ್, ಅಂದರೆ 400 ಮೈಕ್ರೋಸೆಕೆಂಡಿಗೆ ಒಂದು. ಅದರ ಇಂಟರಪ್ಟ್‌ಗೆ ಪ್ರಯಾರಿಟಿ 0, ಡಿಸ್‌ಪ್ಲೇ ಜೊತೆ ಮಾತಾಡುವ ಯುಆರ್ಟ್‌ಗೆ 8 ಕೊಟ್ಟಿದ್ದೆ. ಈ ಚಿಪ್‌ಗಳಲ್ಲಿ ಚಿಕ್ಕ ಸಂಖ್ಯೆಗೇ ಹೆಚ್ಚು ತುರ್ತು, ಅದು ಗೊತ್ತಿತ್ತು. ಹಾಗಾಗಿ ಮೂರು ದಿನ ವೈರಿಂಗನ್ನೇ ಬೈದೆ.

ಕೊನೆಗೆ ಎರಡೂ ಹ್ಯಾಂಡ್ಲರ್‌ಗಳಿಗೆ ಒಂದೊಂದು ಪಿನ್ ಕೊಟ್ಟೆ. ಒಳಗೆ ಬಂದಾಗ ಹೈ, ಹೊರಗೆ ಹೋಗುವಾಗ ಲೋ. ಆಸಿಲೋಸ್ಕೋಪ್‌ನಲ್ಲಿ ಯುಆರ್ಟ್ ಪಿನ್ 1.1 ಮಿಲಿಸೆಕೆಂಡ್ ಹೈ ಆಗಿಯೇ ಇತ್ತು. ಅಷ್ಟು ಹೊತ್ತೂ ಎನ್‌ಕೋಡರ್ ಪಿನ್ ಮಿಸುಕಲಿಲ್ಲ. ಆ ಹೊತ್ತಿಗೆ ಎರಡು ಮೂರು ಪಲ್ಸ್ ಬಂದಿರುತ್ತವೆ. ಆದರೆ ಪೆಂಡಿಂಗ್ ಬಿಟ್ ಒಂದೇ. ಎಷ್ಟೇ ಬಂದರೂ ಒಂದು ಅಂತ ಮಾತ್ರ ನೆನಪಿಟ್ಟುಕೊಳ್ಳುತ್ತೆ, ಉಳಿದದ್ದು ಹೋಯ್ತು.

ಕಾರಣ ಹಳೇ ಪ್ರಾಜೆಕ್ಟ್‌ನಿಂದ ಸುಮ್ನೆ ಎತ್ತಿ ಹಾಕಿದ್ದ ಒಂದು ಸಾಲು:

```c
NVIC_SetPriorityGrouping(7);
```

7 ಅಂದರೆ ಪ್ರಯಾರಿಟಿಯ ನಾಲ್ಕೂ ಬಿಟ್ ಸಬ್-ಪ್ರಯಾರಿಟಿಗೆ ಹೋಗುತ್ತವೆ. ಇಬ್ಬರೂ ಬಾಗಿಲಲ್ಲಿ ಕಾಯುತ್ತಿದ್ದರೆ ಯಾರು ಮೊದಲು ಅಂತ ಅದು ಹೇಳುತ್ತೆ. ಆದರೆ ಒಳಗಿರುವವರನ್ನು ಎಬ್ಬಿಸಲ್ಲ. ನನ್ನ 0 ಮತ್ತು 8 ಎರಡೂ ಒಂದೇ ಮಟ್ಟದಲ್ಲಿದ್ದವು. ಡೀಬಗರ್‌ನಲ್ಲಿ `SCB->AIRCR` ನೋಡಿದರೆ `0xFA050700` ಅಂತ ಕಾಣುತ್ತಿತ್ತು. ನಡುವಿನ ಆ 7 ಮೊದಲೇ ನೋಡಿದ್ದಿದ್ದರೆ ಮೂರು ದಿನ ಉಳೀತಿತ್ತು.

7 ಇದ್ದಲ್ಲಿ 3 ಹಾಕಿದೆ. ನಾಲ್ಕೂ ಬಿಟ್ ಪ್ರೀಎಂಪ್ಷನ್‌ಗೆ ಬಂದವು, ಯುಆರ್ಟ್ ನಡುವೆಯೇ ಎನ್‌ಕೋಡರ್ ಓಡತೊಡಗಿತು. ಯುಆರ್ಟ್ ಒಳಗಿದ್ದ ಸಿಆರ್‌ಸಿ ಲೆಕ್ಕ ಮತ್ತು `sprintf` ಎರಡನ್ನೂ ಮೇನ್ ಲೂಪ್‌ಗೆ ಸಾಗಿಸಿದೆ. ಅವು ಅಲ್ಲಿ ಇರಲೇಬಾರದಿತ್ತು ಬಿಡಿ. (ಟೈಮರ್‌ನ ಎನ್‌ಕೋಡರ್ ಮೋಡ್ ಬಳಸಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ನಾನು ವೈರ್ ಎಳೆದಿದ್ದೇ ಬೇರೆ ಪಿನ್‌ಗೆ.)

ಅಲ್ಲಿಗೆ ಮುಗೀಲಿಲ್ಲ. ಮೇನ್ ಲೂಪ್ ಎಣಿಕೆಯನ್ನೂ ಕೊನೇ ಪಲ್ಸ್‌ನ ಸಮಯವನ್ನೂ ಜೊತೆಯಾಗಿ ಓದಬೇಕು. ಆ ಕ್ಷಣ ಎನ್‌ಕೋಡರ್ ನುಗ್ಗಬಾರದು ಅಂತ `__set_BASEPRI(1)` ಬರೆದೆ. ಏನೂ ತಡೆಯಲಿಲ್ಲ! ಈ ಚಿಪ್‌ನಲ್ಲಿ ಪ್ರಯಾರಿಟಿ ಇರುವುದು ಮೇಲಿನ ನಾಲ್ಕು ಬಿಟ್‌ನಲ್ಲಿ. `NVIC_SetPriority` ತಾನೇ ಶಿಫ್ಟ್ ಮಾಡುತ್ತೆ, ಇದು ಮಾಡಲ್ಲ. ಕೆಳಗಿನ 1 ಸೊನ್ನೆಯಾಗಿ ಹೋಗುತ್ತೆ, ಸೊನ್ನೆ ಅಂದರೆ ತಡೆಯೇ ಇಲ್ಲ. ಇನ್ನೊಂದು, ಪ್ರಯಾರಿಟಿ 0 ಇರುವುದನ್ನು ಬೇಸ್‌ಪ್ರೈ ತಡೆಯುವುದೇ ಇಲ್ಲ. ಹಾಗಾಗಿ ಎನ್‌ಕೋಡರನ್ನು 1ಕ್ಕೆ ಇಳಿಸಿದೆ.

```c
__set_BASEPRI(1 << 4);
n = count; t = last_t;
__set_BASEPRI(0);
```

ನಡುವೆ ಎರಡೇ ಕಾಪಿ. ಅಲ್ಲಿ ಇನ್ನೇನಾದರೂ ತುರುಕಿದರೆ ಎನ್‌ಕೋಡರ್ ಮತ್ತೆ ಬಾಗಿಲಲ್ಲೇ ನಿಲ್ಲುತ್ತೆ.

ಮತ್ತೆ ಶಿಡ್ಲಘಟ್ಟಕ್ಕೆ ಹೋದಾಗ ಆ ರೀಲರ್ ಒಂದು ಲಡಿ ಬಿಚ್ಚಿಸಿ ಕೈಯಲ್ಲೇ ಅಳೆಸಿದರು. ಲೆಕ್ಕ ಕೂಡಿತು. ಹಳೇ ಲಡಿಗಳ ದುಡ್ಡು ಮಾತ್ರ ನನ್ನ ಬಿಲ್ಲಲ್ಲಿ ಮುರಿದುಕೊಂಡರು.