ಸ್ಕ್ಯಾನ್ ಪಹಣಿ ಅನುವಾದ ಮಾಡುವ ಆಪ್: 14 ತಿಂಗಳು ಬಳಸಿದ ಮೇಲೆ (5ಕ್ಕೆ 3.5)

ಗಾಂಧಿನಗರದಲ್ಲಿ ನಮ್ಮದೊಂದು ಸಣ್ಣ ಟೈಪಿಂಗ್ ಅಂಗಡಿ. ಹಳೇ ಪಹಣಿ, ಮ್ಯುಟೇಶನ್ ಪ್ರತಿ, ಜನನ ಪ್ರಮಾಣಪತ್ರ ಇಂಥವನ್ನು ಇಂಗ್ಲಿಷಿಗೆ ಮಾಡಿಕೊಡುತ್ತೇವೆ. ಸ್ಕ್ಯಾನ್ ಮಾಡಿದ ಚಿತ್ರ ಹಾಕಿದರೆ ಅದೇ ಟೇಬಲ್ ಇಟ್ಟುಕೊಂಡು ಅನುವಾದ ಕೊಡುವ ಈ ಆಪ್‌ಗೆ ತಿಂಗಳ ಚಂದಾ ಕಟ್ಟುತ್ತಾ 14 ತಿಂಗಳಾಯಿತು. ಬಿಡುವ ಯೋಚನೆ ಇಲ್ಲ. ಆದರೆ ಕಣ್ಣು ಮುಚ್ಚಿಕೊಂಡು ನಂಬುವ ಹಾಗೂ ಇಲ್ಲ.

ಪದಗಳ ಅನುವಾದ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಪದ ಯಾವ ಮನೆಗೆ ಹೋಗಿ ಕೂರುತ್ತದೆ ಅನ್ನುವುದರಲ್ಲಿ.

ದೇವನಹಳ್ಳಿ ಕಡೆಯ ಒಂದು ಪಹಣಿ ಬಂದಿತ್ತು. ಕಾಲಂ 3ರಲ್ಲಿ ಒಟ್ಟು ವಿಸ್ತೀರ್ಣ 3 ಎಕರೆ 18 ಗುಂಟೆ, ಖರಾಬು 6 ಗುಂಟೆ, ಉಳಿದದ್ದು 3-12. ಕಾಲಂ 9ರಲ್ಲಿ ಸ್ವಾಧೀನದಾರರು ಮೂರು ಜನ: ಮೊದಲನೆಯವರಿಗೆ 1-20, ಎರಡನೆಯವರಿಗೆ 1-05, ಮೂರನೆಯವರಿಗೆ 0-27. ಎರಡನೆಯವರು ಹೆಂಗಸು. ಅವರ ಹೆಸರಾದ ಮೇಲೆ 'ಕೋಂ' ಅಂತ ಬರೆದು, ಜಾಗ ಸಾಲದೆ ಗಂಡನ ಹೆಸರು ಕೆಳಗಿನ ಸಾಲಿಗೆ ಇಳಿದಿತ್ತು.

ಆಪ್ ಅಲ್ಲಿ ನಾಲ್ಕು ಜನರನ್ನು ಕಂಡಿತು. ಕಾಲಂ 9ರ ಒಳಗೆ ಒಬ್ಬೊಬ್ಬರ ನಡುವೆ ಅಡ್ಡಗೆರೆ ಇರುವುದಿಲ್ಲ, ಅಲ್ವಾ? ಹಾಗಾಗಿ ಅದು ಒಂದೊಂದು ಸಾಲನ್ನೂ ಒಂದೊಂದು ಹೆಸರು ಅಂದುಕೊಂಡಿತು. ವಿಸ್ತೀರ್ಣದ ಕಡೆ ಮಾತ್ರ ಮೂರೇ ಅಂಕಿ ಇದ್ದವು. ನಡುವೆ ಇದ್ದ ಖಾಲಿ ಜಾಗವನ್ನು ಬಿಟ್ಟು, ಆ ಮೂರನ್ನೂ ಮೇಲಿನಿಂದ ಒಂದರ ಕೆಳಗೊಂದು ಜೋಡಿಸಿಬಿಟ್ಟಿತು. ತೀರಿಹೋದ ಗಂಡನ ಹೆಸರಿಗೆ 27 ಗುಂಟೆ ಬಂತು. ನಿಜವಾದ ಮೂರನೇ ಹಕ್ಕುದಾರರ ಮುಂದೆ ಏನೂ ಇಲ್ಲ.

ನಾನು ಮೋಸ ಹೋಗಿದ್ದು ಇಲ್ಲೇ. ಗುಂಟೆಗಳನ್ನು ಕೂಡಿಸಿ ನೋಡಿದ್ದೆ. 20, 5, 27 ಸೇರಿ 52 ಗುಂಟೆ, ಅಂದರೆ 1 ಎಕರೆ 12 ಗುಂಟೆ, ಎಕರೆ ಎರಡೂ ಸೇರಿದರೆ 3-12. ಕಾಲಂ 3ರ ಜೊತೆ ಸರಿಯಾಗಿ ತಾಳೆ ಆಯಿತು! ಅಂಕಿ ಯಾವುದೂ ಕಳೆದಿರಲಿಲ್ಲ, ಬೇರೆಯವರ ಪಕ್ಕಕ್ಕೆ ಹೋಗಿತ್ತು ಅಷ್ಟೇ. ಮೊತ್ತ ನೋಡಿದರೆ ಇಂಥ ತಪ್ಪು ಯಾವತ್ತೂ ಸಿಗುವುದಿಲ್ಲ. ಸಾಲ ಕೊಡುವ ಕಡೆಯ ವಕೀಲರು ಹಿಡಿದು ವಾಪಸ್ ಕಳಿಸಿದರು. ಪಾರ್ಟಿಗೆ ಎರಡು ವಾರ ಸುಮ್ನೆ ಹೋಯಿತು, ಅದು ನನಗೆ ಇವತ್ತಿಗೂ ಬೇಜಾರು.

ಆಮೇಲಿಂದ ಮೊದಲು ಎಣಿಸುತ್ತೇನೆ, ಆಮೇಲೆ ಕೂಡಿಸುತ್ತೇನೆ. ಮೂಲದಲ್ಲಿ ಎಷ್ಟು ಹೆಸರು, ಎಷ್ಟು ವಿಸ್ತೀರ್ಣ, ಎಷ್ಟು ಖಾತಾ ನಂಬರು ಅಂತ ಪೆನ್ಸಿಲಲ್ಲಿ ಬರೆದುಕೊಂಡು, ಅನುವಾದದಲ್ಲೂ ಅಷ್ಟೇ ಇವೆಯಾ ನೋಡುತ್ತೇನೆ. 'ಬಿನ್', 'ಕೋಂ' ಸಾಲಿನ ಕೊನೆಗೆ ಬಂದಿದ್ದರೆ ಅಲ್ಲೇ ಅನುಮಾನ ಪಡಬೇಕು.

ಅಪ್‌ಲೋಡ್ ಮಾಡುವ ಮೊದಲು ಇನ್ನೊಂದು ಕೆಲಸ ಮಾಡುತ್ತೇನೆ. ಮೂಲ ಸ್ಕ್ಯಾನ್ ಮುಟ್ಟದೆ ಅದರ ಒಂದು ನಕಲು ತೆಗೆದು, ಫೋಟೋ ಎಡಿಟರ್‌ನಲ್ಲಿ ಒಬ್ಬ ಹಕ್ಕುದಾರರಿಗೂ ಇನ್ನೊಬ್ಬರಿಗೂ ನಡುವೆ ಕಪ್ಪು ಗೆರೆ ಎಳೆಯುತ್ತೇನೆ. ಖಾಲಿ ಮನೆಯಲ್ಲಿ ಒಂದು ಡ್ಯಾಶ್ ಹಾಕುತ್ತೇನೆ, ಇಲ್ಲದಿದ್ದರೆ ಬಲಗಡೆಯದೆಲ್ಲ ಒಂದು ಮನೆ ಎಡಕ್ಕೆ ಜರುಗುತ್ತದೆ. ಐದು ನಿಮಿಷದ ಕೆಲಸ. ಅದೇ ದೇವನಹಳ್ಳಿ ಪಹಣಿಯನ್ನು ಹೀಗೆ ಮಾಡಿ ಮತ್ತೆ ಹಾಕಿದಾಗ ಮೂರು ಜನ, ಮೂರು ವಿಸ್ತೀರ್ಣ, ಎಲ್ಲ ಅವರವರ ಜಾಗದಲ್ಲೇ ಬಂತು. ಸ್ಕ್ಯಾನ್ 300 ಡಿಪಿಐ ಇರಲಿ, ಕಾಗದ ನೇರವಾಗಿರಲಿ. ವಾಟ್ಸಾಪ್‌ನಲ್ಲಿ ಬಂದ ಓರೆ ಫೋಟೋದಲ್ಲಿ ಎಡತುದಿಯ ಸಾಲು ಬಲತುದಿಗೆ ಹೋಗುವಷ್ಟರಲ್ಲಿ ಕೆಳಗಿನ ಸಾಲಿಗೆ ಸೇರಿಕೊಂಡಿರುತ್ತದೆ.

ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳುವವರು ಜಾಸ್ತಿ ಹುಷಾರಾಗಿರಿ. ನನ್ನ ಕಂಪ್ಯೂಟರಿನಲ್ಲಿ 3-12 ಅನ್ನುವುದು `03-Dec` ಆಗಿಬಿಟ್ಟಿತು. ಚುಕ್ಕೆ ಇಟ್ಟು ಬರೆದ ಪಹಣಿಯಾದರೆ ಇನ್ನೂ ಕಷ್ಟ. 2.10 ಅಂದರೆ 2 ಎಕರೆ 10 ಗುಂಟೆ, ಎಕ್ಸೆಲ್ ಕೊನೆಯ ಸೊನ್ನೆ ತೆಗೆದು 2.1 ಮಾಡುತ್ತದೆ, ಓದುವವರು 1 ಗುಂಟೆ ಅಂದುಕೊಳ್ಳುತ್ತಾರೆ. ನಾನು ಈಗ ವರ್ಡ್ ಫೈಲನ್ನೇ ತೆಗೆದುಕೊಳ್ಳುತ್ತೇನೆ.

ಫಾರಂಗಳಲ್ಲಿ ಇಷ್ಟು ಗೋಳಿಲ್ಲ. ಜನನ ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಅಚ್ಚಾಗಿರುವುದರಿಂದ 'ತಂದೆಯ ಹೆಸರು' ಅನ್ನುವುದು ಎರಡೆರಡು ಸಲ ಬರುತ್ತದೆ, ಒಂದನ್ನು ಅಳಿಸಿದರೆ ಆಯಿತು.

ಕೈಬರಹದ ಹಳೇ ಪಹಣಿಗೆ ಮಾತ್ರ ಇದು ಬೇಡ. ಐದಾರು ಸಲ ಪ್ರಯತ್ನ ಪಟ್ಟೆ, ಗೆರೆ ಎಳೆದೂ ನೋಡಿದೆ. ಅಂಥದ್ದನ್ನು ಈಗಲೂ ಪಕ್ಕದಲ್ಲಿ ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಕೈಯಲ್ಲೇ ಟೈಪ್ ಮಾಡುತ್ತೇನೆ.