ಮೂವತ್ತು ಸಾವಿರ ರೂಪಾಯಿಗೆ ಮೂರು ದಾರಿ: ಪಿಪಿಎಫ್, ಇಎಲ್‌ಎಸ್‌ಎಸ್ ಮತ್ತು ಜೀವ ವಿಮೆ

1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಸೆಕ್ಷನ್‌ನಡಿ ಪಿಪಿಎಫ್ ಎಂಬ ಸಾರ್ವಜನಿಕ ಭವಿಷ್ಯ ನಿಧಿ, ಇಎಲ್‌ಎಸ್‌ಎಸ್ ಎಂಬ ತೆರಿಗೆ ಉಳಿಸುವ ಮ್ಯೂಚುವಲ್ ಫಂಡ್ ಮತ್ತು ಜೀವ ವಿಮೆ ಈ ಮೂರರಲ್ಲೂ ನಾನು ಹಲವು ವರ್ಷಗಳಿಂದ ಹಣ ಹಾಕುತ್ತ ಬಂದಿದ್ದೇನೆ. ಮೂರರಲ್ಲಿ ಯಾವುದರಲ್ಲಿ ಹಾಕಿದರೂ ಆ ವರ್ಷ ಉಳಿಯುವ ತೆರಿಗೆ ಒಂದೇ. ಆದರೆ ಆ ಒಂದು ವರ್ಷದ ಉಳಿತಾಯಕ್ಕಾಗಿ ನಾವು ಎಷ್ಟು ವರ್ಷಗಳ ಕಟ್ಟುಪಾಡಿಗೆ ಒಳಗಾಗುತ್ತೇವೆ ಎಂಬುದರಲ್ಲಿ ಅಜಗಜಾಂತರ ವ್ಯತ್ಯಾಸವಿದೆ. ಆದ್ದರಿಂದ ನನ್ನ ಹೋಲಿಕೆ ಮುಖ್ಯವಾಗಿ ಈ ಕಟ್ಟುಪಾಡಿನ ಮೇಲೆಯೇ ನಿಂತಿದೆ.

ಮೊದಲು ಗಮನಿಸಬೇಕಾದದ್ದು, ಈ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಮಿತಿ 2014-15ರಿಂದ ಒಂದೂವರೆ ಲಕ್ಷದಲ್ಲೇ ನಿಂತಿದೆ. 2025-26ರಲ್ಲಿ ಹೊಸ ಪದ್ಧತಿಯಡಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಬೀಳುವುದಿಲ್ಲವಾದ್ದರಿಂದ, ಅದಕ್ಕಿಂತ ಕಡಿಮೆ ಸಂಬಳವಿರುವವರು ತೆರಿಗೆಗೆಂದು ಈ ಮೂರರ ಗೊಡವೆಗೆ ಹೋಗಬೇಕಾಗಿಲ್ಲ. ಅದಕ್ಕಿಂತ ಹೆಚ್ಚು ಸಂಬಳವಿದ್ದವರಲ್ಲೂ ಮನೆ ಬಾಡಿಗೆ ಭತ್ಯೆ, ಗೃಹಸಾಲದ ಬಡ್ಡಿ ಎರಡೂ ಇರುವವರಿಗಷ್ಟೇ ಹಳೆಯ ಪದ್ಧತಿ ಸಾಮಾನ್ಯವಾಗಿ ಗಿಟ್ಟುತ್ತದೆ.

ನನ್ನ ಸಹೋದ್ಯೋಗಿಯೊಬ್ಬರ ಲೆಕ್ಕವನ್ನೇ ನೋಡೋಣ. ಅವರು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಸಾಲ ಮಾಡಿ ಹಾಸನದಲ್ಲಿ ಕಟ್ಟಿಸಿದ ಮನೆಯಲ್ಲಿ ತಂದೆ-ತಾಯಿ ಇದ್ದಾರೆ. ವರ್ಷದ ಸಂಬಳ 15 ಲಕ್ಷ, ಅದರಲ್ಲಿ ಮೂಲವೇತನ 6 ಲಕ್ಷ. ಹೊಸ ಪದ್ಧತಿಯಲ್ಲಿ ಅವರ ತೆರಿಗೆ ಸೆಸ್ ಸೇರಿ 97,500 ರೂಪಾಯಿ. ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಬಾಡಿಗೆ ಭತ್ಯೆ 2,40,000, ಗೃಹಸಾಲದ ಬಡ್ಡಿ 2,00,000, ಆರೋಗ್ಯ ವಿಮೆ 25,000 ಮತ್ತು 80ಸಿಯ ಪೂರ್ತಿ 1,50,000 ಕಳೆದರೆ ತೆರಿಗೆ 82,680ಕ್ಕೆ ಇಳಿಯುತ್ತದೆ. ಹಾಗಾಗಿ 2025-26ರಲ್ಲಿ ಅವರಿಗೆ ಹಳೆಯದೇ ಲಾಭ.

ಆ ಒಂದೂವರೆ ಲಕ್ಷ ತುಂಬಲು ಅವರು ಹೊಸದಾಗಿ ಎಷ್ಟು ಹಾಕಬೇಕು? ಸಂಬಳದಿಂದ ಕಡಿತವಾಗುವ ಭವಿಷ್ಯ ನಿಧಿಯೇ 72,000. ಗೃಹಸಾಲದ ಕಂತಿನಲ್ಲಿ ಅಸಲಿಗೆ ಸಲ್ಲುವ ಭಾಗ 48,000, ಅದೂ 80ಸಿಗೆ ಸೇರುತ್ತದೆ. ಉಳಿಯುವುದು 30,000 ಮಾತ್ರ. ಶೇ 20ರ ಹಂತದಲ್ಲಿರುವ ಅವರಿಗೆ ಈ 30,000ದಿಂದ ಉಳಿಯುವ ತೆರಿಗೆ ಸೆಸ್ ಸೇರಿ 6,240 ರೂಪಾಯಿ. ಜನವರಿಯಲ್ಲಿ ಕಚೇರಿಯವರು ದಾಖಲೆ ಕೇಳಿದಾಗ ಗಾಬರಿಯಿಂದ ಲಕ್ಷ ರೂಪಾಯಿಯ ಪಾಲಿಸಿಗೆ ಸಹಿ ಹಾಕುವವರು ಈ ಕೂಡು-ಕಳೆಯುವಿಕೆಯನ್ನು ಮಾಡಿರುವುದೇ ಇಲ್ಲ.

ಈ 30,000ಕ್ಕೆ ಅವರಿಗೆ ಮೊದಲು ಬಂದ ಸಲಹೆ, ಬದುಕಿದ್ದರೂ ಅವಧಿ ಮುಗಿದಾಗ ವಿಮಾ ಮೊತ್ತ ಮತ್ತು ಬೋನಸ್ ಕೊಡುವ ಎಂಡೋಮೆಂಟ್ ಪಾಲಿಸಿಯದು. ನನ್ನ ಬಳಿ ಇರುವುದೂ ಅದೇ ಬಗೆಯದು: 20 ವರ್ಷ ಅವಧಿ, 6 ಲಕ್ಷ ವಿಮಾ ಮೊತ್ತ, ವರ್ಷಕ್ಕೆ ಸುಮಾರು 30,000 ಪ್ರೀಮಿಯಂ. ಬೋನಸ್ಸನ್ನು ವಿಮಾ ಮೊತ್ತದ ಸಾವಿರಕ್ಕೆ ಇಷ್ಟು ಎಂದು ಘೋಷಿಸುತ್ತಾರೆ. ಸಾವಿರಕ್ಕೆ 40 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 24,000. ಕೇಳಲು ದೊಡ್ಡದೆನಿಸುತ್ತದೆ, ಆದರೆ ಈ ಬೋನಸ್ ಕೈಗೆ ಬರುವುದು ಅವಧಿ ಮುಗಿದ ಮೇಲೆ, ಮತ್ತು ಬೋನಸ್ಸಿನ ಮೇಲೆ ಬಡ್ಡಿ ಬೆಳೆಯುವುದಿಲ್ಲ. 20 ವರ್ಷಕ್ಕೆ 4.8 ಲಕ್ಷ ಬೋನಸ್, 6 ಲಕ್ಷ ವಿಮಾ ಮೊತ್ತ, ಒಟ್ಟು 10.8 ಲಕ್ಷ. ಕಟ್ಟಿದ 6 ಲಕ್ಷಕ್ಕೆ ಇದನ್ನು ವಾರ್ಷಿಕ ಚಕ್ರಬಡ್ಡಿಯಾಗಿ ಲೆಕ್ಕ ಹಾಕಿದರೆ ಶೇ 5.3ರ ಆಸುಪಾಸು ಬರುತ್ತದೆ. ಅದೇ 30,000ವನ್ನು ಪ್ರತಿ ವರ್ಷ ಪಿಪಿಎಫ್‌ನಲ್ಲಿ, ಈಗಿನ ಶೇ 7.1ರ ಬಡ್ಡಿ ಹಾಗೆಯೇ ಮುಂದುವರಿಯುತ್ತದೆಂದು ಭಾವಿಸಿ ಹಾಕಿದರೆ, 20 ವರ್ಷಕ್ಕೆ ಸುಮಾರು 13.3 ಲಕ್ಷವಾಗುತ್ತದೆ.

ಎರಡೂವರೆ ಲಕ್ಷದ ಈ ಅಂತರವನ್ನು ವಿಮಾ ರಕ್ಷಣೆಯ ಬೆಲೆ ಎಂದು ಏಜೆಂಟರು ವಿವರಿಸುತ್ತಾರೆ. ಆದರೆ 15 ಲಕ್ಷ ಸಂಬಳದ ಮನೆಗೆ 6 ಲಕ್ಷದ ರಕ್ಷಣೆ ಎಷ್ಟು ತಿಂಗಳು ಬಂದೀತು? ರಕ್ಷಣೆಯೇ ಬೇಕಿದ್ದರೆ ಟರ್ಮ್ ಪಾಲಿಸಿ ಇದೆ. ಬದುಕಿ ಉಳಿದರೆ ಅದರಲ್ಲಿ ಒಂದು ಕಾಸೂ ವಾಪಸ್ ಬರುವುದಿಲ್ಲ, ಅದಕ್ಕೇ ಅದು ಅಗ್ಗ. ಅದರ ಪ್ರೀಮಿಯಂ ಕೂಡ 80ಸಿಗೆ ಸಲ್ಲುತ್ತದೆ ಎಂಬುದನ್ನು ಮಾತ್ರ ಯಾರೂ ಎತ್ತಿ ಹೇಳುವುದಿಲ್ಲ.

ವಿಮೆಯಲ್ಲಿ ಎರಡು ಕಡೆ ವಿನಾಯಿತಿಯೇ ಕೈತಪ್ಪಬಹುದು. ಎಂಡೋಮೆಂಟ್‌ನಂಥ ಪಾಲಿಸಿಗೆ ಎರಡು ವರ್ಷದ ಪ್ರೀಮಿಯಂ ಕಟ್ಟುವ ಮೊದಲೇ ನಿಲ್ಲಿಸಿದರೆ, ಹಿಂದೆ ಪಡೆದ ವಿನಾಯಿತಿಯನ್ನು, ಪಾಲಿಸಿ ನಿಲ್ಲಿಸಿದ ವರ್ಷದ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಎರಡನೆಯದು, 2012ರ ಏಪ್ರಿಲ್ 1ರ ನಂತರದ ಪಾಲಿಸಿಗಳಲ್ಲಿ ವಿಮಾ ಮೊತ್ತದ ಶೇ 10ರಷ್ಟು ಪ್ರೀಮಿಯಂಗೆ ಮಾತ್ರ ವಿನಾಯಿತಿ. ಮಾರ್ಚ್ ತಿಂಗಳಲ್ಲಿ ಮಾರಾಟವಾಗುವ ಏಕ ಪ್ರೀಮಿಯಂ ಪಾಲಿಸಿಗಳಲ್ಲಿ ಜನ ಎಡವುವುದು ಇಲ್ಲಿಯೇ. ಒಂದು ಲಕ್ಷ ಕಟ್ಟಿ 1.25 ಲಕ್ಷದ ವಿಮಾ ಮೊತ್ತ ಪಡೆದರೆ ಸಿಗುವ ವಿನಾಯಿತಿ ಬರೀ 12,500, ಮೇಲಾಗಿ ಅವಧಿ ಮುಗಿದಾಗ ಬರುವ ಲಾಭಕ್ಕೂ ತೆರಿಗೆ. ಸಹಿ ಹಾಕುವ ಮೊದಲು ಪ್ರಸ್ತಾವನೆಯಲ್ಲಿ ವಿಮಾ ಮೊತ್ತವು ಪ್ರೀಮಿಯಂನ ಹತ್ತು ಪಟ್ಟು ಇದೆಯೇ ಎಂದು ನೋಡಿಕೊಂಡರೆ ಸಾಕು.

ಪಿಪಿಎಫ್‌ನಲ್ಲಿ ಇಂಥ ಒಳಸುಳಿಗಳು ಕಡಿಮೆ. ಖಾತೆ ತೆರೆದ ಹಣಕಾಸು ವರ್ಷ ಮುಗಿದ ಮೇಲೆ 15 ವರ್ಷ ಅವಧಿ. ಬಳಿಕ ಐದೈದು ವರ್ಷ ಮುಂದುವರಿಸಬಹುದು. ಬಡ್ಡಿಗೂ ಕೊನೆಯ ಮೊತ್ತಕ್ಕೂ ತೆರಿಗೆಯಿಲ್ಲ. ಏಳನೆಯ ಹಣಕಾಸು ವರ್ಷದಿಂದ ವರ್ಷಕ್ಕೊಮ್ಮೆ ಒಂದು ಭಾಗ ಹಿಂಪಡೆಯಬಹುದು. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿರ್ಧರಿಸುತ್ತದೆ. 2020ರ ಏಪ್ರಿಲ್‌ನಿಂದ ಅದು ಶೇ 7.1ರಲ್ಲೇ ಇದೆ. ತೊಂಬತ್ತರ ದಶಕದಲ್ಲಿ ಶೇ 12 ಬಡ್ಡಿ ಉಂಡವರ ನೆನಪಿನ ಮೇಲೆ ಈಗ ಖಾತೆ ತೆರೆಯುವುದು ತರವಲ್ಲ.

ಆದರೆ ಇಲ್ಲಿ ಹಣ ಹಾಕುವ ದಿನಾಂಕಕ್ಕೆ ಬೆಲೆಯಿದೆ. ಪ್ರತಿ ತಿಂಗಳ ಬಡ್ಡಿಯನ್ನು 5ನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಕನಿಷ್ಠ ಶಿಲ್ಕಿನ ಮೇಲೆ ಲೆಕ್ಕ ಹಾಕುತ್ತಾರೆ. ಏಪ್ರಿಲ್ 5ರೊಳಗೆ 30,000 ಹಾಕಿದರೆ ಆ ವರ್ಷ 2,130 ರೂಪಾಯಿ ಬಡ್ಡಿ ಬರುತ್ತದೆ. 6ನೇ ತಾರೀಖು ಹಾಕಿದರೆ ಒಂದು ತಿಂಗಳ ಬಡ್ಡಿ ಖೋತಾ. ದಾಖಲೆ ಸಲ್ಲಿಸುವ ಅವಸರದಲ್ಲಿ ಮಾರ್ಚ್ ಕೊನೆಯ ವಾರ ಹಾಕಿದವರ ಪಾಸ್‌ಬುಕ್ಕಿನಲ್ಲಿ ಮಾರ್ಚ್ 31ರ ಬಡ್ಡಿ ಸಾಲು ಬೀಳುತ್ತದೆ, ಆದರೆ ಅದರಲ್ಲಿ ಈ ಹಣದ ಪಾಲು ಸೊನ್ನೆ.

ಪಿಪಿಎಫ್‌ನ ದೊಡ್ಡ ಗುಣವೆಂದರೆ ಒತ್ತಾಯವಿಲ್ಲದಿರುವುದು. ವರ್ಷಕ್ಕೆ 500 ರೂಪಾಯಿ ಹಾಕಿದರೆ ಖಾತೆ ಚಾಲ್ತಿಯಲ್ಲಿರುತ್ತದೆ. ಸಹೋದ್ಯೋಗಿ ನಾಳೆ ಹಾಸನಕ್ಕೇ ವರ್ಗವಾಗಿ ಸ್ವಂತ ಮನೆ ಸೇರಿದರೆ ಬಾಡಿಗೆ ಭತ್ಯೆಯ ವಿನಾಯಿತಿ ಹೋಗುತ್ತದೆ, ಹೊಸ ಪದ್ಧತಿಯೇ ಲಾಭವಾಗುತ್ತದೆ, ಆಗ 80ಸಿಯಿಂದ ಅವರಿಗೆ ಏನೂ ಸಿಗುವುದಿಲ್ಲ. ಪಿಪಿಎಫ್ ಖಾತೆಯವರು 500ಕ್ಕೆ ಇಳಿಯಬಹುದು. ಪಾಲಿಸಿದಾರರು ಪೂರ್ತಿ ಮೊತ್ತ ಬೇಕೆಂದರೆ ವಿನಾಯಿತಿಯಿಲ್ಲದೆಯೂ ಉಳಿದ ಅಷ್ಟೂ ವರ್ಷ 30,000 ಕಟ್ಟುತ್ತಿರಬೇಕು.

ಈ ದೃಷ್ಟಿಯಿಂದ ಅತಿ ಹಗುರವಾದದ್ದು ಇಎಲ್‌ಎಸ್‌ಎಸ್ ಎನ್ನುವ ಮ್ಯೂಚುವಲ್ ಫಂಡ್. ಒಂದು ವರ್ಷ ಹಾಕಿ ಮುಂದಿನ ವರ್ಷ ಬಿಟ್ಟರೂ ಕೇಳುವವರಿಲ್ಲ. ಹಣ ಮೂರು ವರ್ಷ ಮಾತ್ರ ಬಂಧಿತ, ಆದರೆ ಎಸ್‌ಐಪಿ, ಅಂದರೆ ತಿಂಗಳ ಕಂತುಗಳಲ್ಲಿ ಹಾಕುವವರಿಗೆ ಪ್ರತಿ ಕಂತಿಗೂ ಪ್ರತ್ಯೇಕ ಮೂರು ವರ್ಷ. 2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ತಿಂಗಳಿಗೆ 2,500 ಹಾಕಿದವರ ಮೊದಲ ಕಂತು 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದರೆ, ಕೊನೆಯ ಕಂತು ಬಿಡುಗಡೆಯಾಗುವುದು 2026ರ ಮಾರ್ಚ್‌ನಲ್ಲಿ.

ಬೀಗ ತೆಗೆಯುವ ದಿನವನ್ನು ಹಣ ಬೆಳೆದು ನಿಲ್ಲುವ ದಿನವೆಂದು ತಿಳಿಯುವುದೇ ಇಲ್ಲಿನ ಅಪಾಯ. ಈ ಫಂಡ್‌ಗಳು ಹಣದ ಕನಿಷ್ಠ ಶೇ 80ನ್ನು ಷೇರುಗಳಲ್ಲಿ ತೊಡಗಿಸುತ್ತವೆ. 2017ರ ಮಾರ್ಚ್ ಕೊನೆಗೆ ಸೆನ್ಸೆಕ್ಸ್ 29,620ರಲ್ಲಿತ್ತು. ಮೂರು ವರ್ಷ ಕಳೆದು 2020ರ ಮಾರ್ಚ್ 31ರಂದು ಅದು 29,468ರಲ್ಲಿತ್ತು. ತೆರಿಗೆ ಉಳಿಸಲು ಮಾರ್ಚ್‌ನಲ್ಲಿ ಹಣ ಹಾಕಿ, ಸರಿಯಾಗಿ ಮೂರು ವರ್ಷಕ್ಕೆ ಮಗಳ ಕಾಲೇಜು ಶುಲ್ಕಕ್ಕೆಂದು ನಂಬಿ ಕೂತವರಿಗೆ ಆ ಹೊತ್ತಿಗೆ ಸೂಚ್ಯಂಕದಿಂದ ಏರಿಕೆಯೇ ಸಿಕ್ಕಿರಲಿಲ್ಲ. ಏಳೆಂಟು ವರ್ಷ ಮುಟ್ಟದೆ ಬಿಡಬಲ್ಲ ಹಣಕ್ಕೆ ಮಾತ್ರ ಈ ದಾರಿ. ಮಾರಿದಾಗ ಬರುವ ಲಾಭಕ್ಕೆ, ಷೇರು ಮತ್ತು ಷೇರು ಆಧಾರಿತ ಫಂಡ್‌ಗಳ ದೀರ್ಘಾವಧಿ ಲಾಭವೆಲ್ಲ ಸೇರಿ ವರ್ಷಕ್ಕೆ 1.25 ಲಕ್ಷ ದಾಟಿದರೆ, ದಾಟಿದ ಭಾಗದ ಮೇಲೆ ಶೇ 12.5 ತೆರಿಗೆಯಿದೆ, 30,000ದ ಕಂತುಗಳನ್ನು ವರ್ಷವರ್ಷ ಬಿಡಿಸಿಕೊಳ್ಳುವವರಿಗೆ ಆ ಮಿತಿ ದಾಟುವುದೇ ಅಪರೂಪ.

ಸಹೋದ್ಯೋಗಿಗೆ ನಾನು ಹೇಳಿದ್ದು ಹೀಗೆ: ಮೊದಲು ಟರ್ಮ್ ಪಾಲಿಸಿ ಮಾಡಿಸಿ, ಅದರ ಪ್ರೀಮಿಯಂ ಕಳೆದು ಉಳಿದದ್ದನ್ನು ಇಎಲ್‌ಎಸ್‌ಎಸ್‌ಗೆ ಹಾಕಿ. ಸಂಬಳದಿಂದ ಹೋಗುವ 72,000 ಭವಿಷ್ಯ ನಿಧಿಯಲ್ಲಿ ಈಗಾಗಲೇ ಪಿಪಿಎಫ್‌ಗಿಂತ ಹೆಚ್ಚಿನ ಬಡ್ಡಿಗೆ ಬೆಳೆಯುತ್ತಿದೆ, 2024-25ಕ್ಕೆ ಅದು ಶೇ 8.25. ಅದರ ಪಕ್ಕದಲ್ಲಿ ಇನ್ನೊಂದು ಭವಿಷ್ಯ ನಿಧಿ ಅವರಿಗೆ ತುರ್ತಲ್ಲ. ಇದೇ ಮಾತನ್ನು ಅಂಗಡಿ ನಡೆಸುವ ನನ್ನ ತಮ್ಮನಿಗೆ ಹೇಳಲಾರೆ. ಅವನಿಗೆ ಕಂಪನಿಯ ಭವಿಷ್ಯ ನಿಧಿಯಿಲ್ಲ, ವ್ಯಾಪಾರದ ಆದಾಯವೇ ಏರುಪೇರಿನದು. ಅವನಿಗೆ ಪಿಪಿಎಫ್ ಮೊದಲು.

ಹಾಗಾದರೆ ನನ್ನ ಎಂಡೋಮೆಂಟ್ ಪಾಲಿಸಿಯನ್ನು ನಿಲ್ಲಿಸಬೇಕೇ? 2014ರಲ್ಲಿ ಆರಂಭವಾದ ಅದಕ್ಕೆ 11 ಪ್ರೀಮಿಯಂ ಸಂದಿದ್ದಾಗ ಈ ಲೆಕ್ಕ ಹಾಕಿದೆ. ಪ್ರೀಮಿಯಂ ಅಲ್ಲಿಗೆ ನಿಲ್ಲಿಸಿ, ಪಾಲಿಸಿಯನ್ನು ಅವಧಿಯವರೆಗೆ ಹಾಗೇ ಉಳಿಸುವ ಪೇಯ್ಡ್-ಅಪ್ ಮಾಡಿಸಿದರೆ ವಿಮಾ ಮೊತ್ತ 20ರಲ್ಲಿ 11 ಪಾಲಿಗೆ, ಅಂದರೆ 3.3 ಲಕ್ಷಕ್ಕೆ ಇಳಿಯುತ್ತದೆ. ಅದುವರೆಗಿನ ಬೋನಸ್ 2.64 ಲಕ್ಷ ಸೇರಿ 2034ರಲ್ಲಿ 5.94 ಲಕ್ಷ ಬರುತ್ತದೆ. ಇನ್ನೂ ಒಂಬತ್ತು ಪ್ರೀಮಿಯಂ, ಅಂದರೆ 2.7 ಲಕ್ಷ ಕಟ್ಟಿದರೆ 10.8 ಲಕ್ಷ. ಹೆಚ್ಚುವರಿ 4.86 ಲಕ್ಷವನ್ನು ಆ ಒಂಬತ್ತು ಕಂತುಗಳ ಫಲವೆಂದು ನೋಡಿದರೆ, ಬೋನಸ್ ಹೀಗೇ ಇದ್ದ ಪಕ್ಷದಲ್ಲಿ, ವರ್ಷಕ್ಕೆ ಶೇ 11ಕ್ಕೂ ಮೇಲು ಬೀಳುತ್ತದೆ. ನಡುವೆ ಬಿಟ್ಟವರಿಗೆ ಪಾಲಿಸಿ ವಿಧಿಸುವ ದಂಡವೇ ಉಳಿದವರಿಗೆ ಹೀಗೆ ಆದಾಯವಾಗಿ ಕಾಣುತ್ತದೆ. ಹೊಸದಾಗಿ ಮಾಡಿಸಬಾರದ ಈ ಪಾಲಿಸಿಯನ್ನು ಅರ್ಧ ದಾಟಿದ ಮೇಲೆ ಕೈಬಿಡುವುದೂ ಸರಿಯಲ್ಲವೆಂದು ನಾನು ಕಟ್ಟುತ್ತಲೇ ಇದ್ದೇನೆ. ಮೂರ್ನಾಲ್ಕು ಪ್ರೀಮಿಯಂ ಮಾತ್ರ ಕಟ್ಟಿರುವವರು ಈಗಲೇ ಪಾಲಿಸಿ ಬಿಟ್ಟರೆ ಸಿಗುವ ಸರೆಂಡರ್ ಮೌಲ್ಯವನ್ನು ಕಂಪನಿಯಿಂದ ಬರಹದಲ್ಲಿ ಪಡೆದು, ಆ ಮೊತ್ತ ಮತ್ತು ಮುಂದಿನ ಕಂತುಗಳು ಪಿಪಿಎಫ್‌ನಲ್ಲಿ ಎಷ್ಟಾಗುತ್ತವೆ ಎಂದು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.